ಕೇಳದ ಪ್ರಶ್ನೆಗೆ ಮೌನ ಉತ್ತರವೆ?

(ಮೂರ್ನಾಡಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇವತ್ತಿನ ಮಾತನ್ನು ಒಂದು ಪಾಸ್ ಪುಸ್ತಕದಿಂದ ಆರಂಭಿಸುತ್ತೇನೆ. 2022ರ ಜೂನ್ ತಿಂಗಳು. ಮಳೆ ಹಿಡಿದಿತ್ತು. ನಾನು ಆಗ ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದೆ. ಇಲ್ಲಿಗೆ ಹತ್ತಿರದ ಕಾಫಿ ತೋಟವೊಂದರ ಲೈನ್ ಮನೆಯಿಂದ ಬಂದ ಹೆಂಗಸೊಬ್ಬರು, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ಪಾಸ್ ಪುಸ್ತಕ ತೆಗೆದು ಎಂಟ್ರಿ ಹಾಕಿಸಿದರು. ಹಾಕಿದ ಮೇಲೆ ಎರಡು ಸಾಲುಗಳ ಮೇಲೆ ಬೆರಳಿಟ್ಟರು. ಒಂದರಲ್ಲಿ 436 ರೂಪಾಯಿ ಕಡಿತ, ಇನ್ನೊಂದರಲ್ಲಿ 20.

“ಸಾರ್, ಹೋದ ವರ್ಷ ಮುನ್ನೂರ ಮೂವತ್ತು, ಹನ್ನೆರಡು ಅಂದಿದ್ರಿ. ನಾನು ಹೂಂ ಅಂದಿದ್ದೆ. ಈ ವರ್ಷ ಯಾರೂ ಕೇಳಲೇ ಇಲ್ಲವಲ್ಲ?”

“ನೀವು ಬೇಡ ಅನ್ನಲಿಲ್ಲ ಅಮ್ಮಾ, ಹಾಗಾಗಿ ಮುಂದುವರಿದಿದೆ” ಎಂದೆ.

“ಕೇಳಿದ್ದರೆ ತಾನೆ ಬೇಕು, ಬೇಡ ಅನ್ನೋದು?” ಎಂದರು.

ಅವರಿಗೆ ವಿಮೆ ಬೇಡವಾಗಿರಲಿಲ್ಲ. ಹಣ ವಾಪಸ್ ಕೊಡಿ ಎಂದೂ ಕೇಳಲಿಲ್ಲ. ಅವರ ಪ್ರಶ್ನೆ ಒಂದೇ: ತಾನು ಆಡದ ಮಾತನ್ನು ತನ್ನ ಮಾತೆಂದು ಬರೆದುಕೊಂಡದ್ದು ಹೇಗೆ? ಅಂದು ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ನಿವೃತ್ತನಾದ ಮೇಲೆ ಹುಡುಕಿಕೊಂಡ ಉತ್ತರವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ತಾನಾಗಿಯೇ ನವೀಕರಣಗೊಳ್ಳುವ ಯಾವುದೇ ಯೋಜನೆಯಲ್ಲಿ, ಅದು ವಿಮೆಯಾಗಲಿ, ಸಿನಿಮಾ ನೋಡುವ ಚಂದಾ ಆಗಲಿ, ದರ ಏರಿತು ಎಂಬ ಸೂಚನೆ ಬಂದಾಗ ನಾವು ಸುಮ್ಮನಿದ್ದರೆ ಆ ಹೊಸ ದರಕ್ಕೆ ಒಪ್ಪಿದಂತೆಯೆ?

ಅರ್ಜಿಯಲ್ಲಿ ಏನಿತ್ತು

ಮೊದಲು ಆ ಎರಡು ಸಾಲುಗಳ ಹಿಂದಿನ ಕತೆ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ ಮತ್ತು ಸುರಕ್ಷಾ ಬಿಮಾ ಯೋಜನೆ 2015ರ ಮೇ 9ರಂದು ಆರಂಭವಾದವು. ಮೊದಲನೆಯದು ಯಾವ ಕಾರಣದಿಂದ ಸತ್ತರೂ ಮನೆಯವರಿಗೆ 2 ಲಕ್ಷ ರೂಪಾಯಿ ಕೊಡುವ ಜೀವವಿಮೆ, ಎರಡನೆಯದು ಅಪಘಾತ ವಿಮೆ. ಎರಡರ ವಿಮಾವರ್ಷವೂ ಜೂನ್ 1ರಿಂದ ಮುಂದಿನ ಮೇ 31ರವರೆಗೆ. ಪ್ರತಿ ವರ್ಷ ಮೇ ಕೊನೆಯ ವಾರದಲ್ಲಿ ಖಾತೆಯಿಂದ ಕಂತು ತಾನಾಗಿ ಕಡಿತವಾಗಬೇಕು ಎಂಬುದೇ ಈ ಯೋಜನೆಗಳ ಜೀವಾಳ. ಏಜೆಂಟರು ಮನೆಗೆ ಅಲೆಯುವ ಖರ್ಚು ಉಳಿದದ್ದರಿಂದಲೇ ಇಷ್ಟು ಕಡಿಮೆ ಕಂತಿಗೆ ವಿಮೆ ಕೊಡಲು ಸಾಧ್ಯವಾಯಿತು.

ಏಳು ವರ್ಷ ಕಂತು ಬದಲಾಗಲಿಲ್ಲ. 2022ರಲ್ಲಿ 330 ಇದ್ದದ್ದು 436 ಆಯಿತು, 12 ಇದ್ದದ್ದು 20 ಆಯಿತು. ಕೇಂದ್ರ ಸರ್ಕಾರ ಕೊಟ್ಟ ಕಾರಣ ಸುಳ್ಳಲ್ಲ. ಆ ವರ್ಷದ ಮಾರ್ಚ್ 31ರವರೆಗಿನ ಲೆಕ್ಕದಲ್ಲಿ ಜೀವವಿಮೆಯಲ್ಲಿ ಬಂದ ಪ್ರತಿ 100 ರೂಪಾಯಿ ಕಂತಿಗೆ 145 ರೂಪಾಯಿಗಿಂತ ಹೆಚ್ಚು ಪರಿಹಾರ ಹೋಗಿತ್ತು. ಅಪಘಾತ ವಿಮೆಯಲ್ಲಿ 100ಕ್ಕೆ 221ಕ್ಕೂ ಹೆಚ್ಚು. ಹಾಗೆ ನಡೆಸಿದರೆ ಯಾವ ವಿಮಾ ಕಂಪನಿಯೂ ಉಳಿಯುವುದಿಲ್ಲ. ಆದ್ದರಿಂದ ದರ ಏರಿದ್ದು ನನ್ನ ಆಕ್ಷೇಪವಲ್ಲ. ಆದರೆ ಏರಿಕೆಯ ಪ್ರಕಟಣೆ ಹೊರಟದ್ದು ಮೇ 31ರಂದು, ಹೊಸ ದರ ಜಾರಿಗೆ ಬಂದದ್ದು ಜೂನ್ 1ರಿಂದ. ಅಂದರೆ ನಡುವೆ ಒಂದು ರಾತ್ರಿ.

ಹಾಗಾದರೆ ಇದಕ್ಕೆ ಒಪ್ಪಿಗೆ ಎಲ್ಲಿಂದ ಬಂತು? ಯೋಜನೆಗೆ ಸೇರುವಾಗ ಸಹಿ ಮಾಡಿದ ಅರ್ಜಿಯಿಂದ. ಜೀವವಿಮೆಯ ಅರ್ಜಿಯಲ್ಲಿ ಖಾತೆದಾರ ಬ್ಯಾಂಕಿಗೆ ಕೊಡುವ ಅಧಿಕಾರದ ಸಾಲಿತ್ತು. ಅದರ ಸಾರ ಹೀಗೆ: ಮುಂದಿನ ವರ್ಷಗಳಲ್ಲೂ 330 ರೂಪಾಯಿಯನ್ನು, ಅಥವಾ ಕಾಲಕಾಲಕ್ಕೆ ನಿರ್ಧಾರವಾಗುವ ಯಾವುದೇ ಮೊತ್ತವನ್ನು, ನಾನು ಬೇರೆ ಸೂಚನೆ ಕೊಡುವವರೆಗೆ ಕಡಿತ ಮಾಡಿಕೊಳ್ಳಬಹುದು, ಮೊತ್ತ ಬದಲಾದರೆ ಅದನ್ನು ನನಗೆ ತಿಳಿಸಬಹುದು. ಆ ಹೆಂಗಸು ನಮ್ಮ ಕೌಂಟರಿನಲ್ಲಿ ಸಹಿ ಮಾಡಿದ್ದು ಇದಕ್ಕೆ. ಅವರ ಕಿವಿಗೆ ಬಿದ್ದದ್ದು ಮಾತ್ರ “ಮುನ್ನೂರ ಮೂವತ್ತು” ಎಂಬ ಒಂದು ಮಾತು, ಏಕೆಂದರೆ ನಾವು ಹೇಳಿದ್ದು ಅದನ್ನೇ. “ಯಾವುದೇ ಮೊತ್ತ” ಎಂಬುದನ್ನು ಅರ್ಜಿ ಬರೆದುಕೊಂಡಿತು, ಬಾಯಿ ಹೇಳಲಿಲ್ಲ.

ಗಾದೆಯ ಮನೆ ಯಾವುದು

“ಮೌನಂ ಸಮ್ಮತಿ ಲಕ್ಷಣಂ” ಎಂಬ ಮಾತು ನಮಗೆಲ್ಲ ಬಾಯಿಪಾಠ. ಆದರೆ ಆ ಮಾತು ಬಳಕೆಯಾಗುವ ಸಂದರ್ಭವನ್ನು ಒಮ್ಮೆ ಗಮನಿಸಿ. ಹೆಣ್ಣು ನೋಡಲು ಬಂದಿದ್ದಾರೆ. ಹುಡುಗಿಯನ್ನು ಮನೆಯವರು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ. ಆ ಮೌನವನ್ನು ಒಪ್ಪಿಗೆಯೆಂದು ಓದಬೇಕಾದರೆ ಮೂರು ಸಂಗತಿಗಳು ಮೊದಲೇ ನಡೆದಿರಬೇಕು: ಪ್ರಶ್ನೆ ಕೇಳಿರಬೇಕು, ಅದು ಅವಳ ಕಿವಿಗೆ ಬಿದ್ದಿರಬೇಕು, ಬೇಡ ಎನ್ನಲು ಅವಳಿಗೆ ಎಡೆ ಇರಬೇಕು. ಈ ಮೂರೂ ಇದ್ದಾಗ ಕೂಡ ಗಾದೆ ಮೌನವನ್ನು ಬರಿಯ ಲಕ್ಷಣ ಎನ್ನುತ್ತದೆ. ಲಕ್ಷಣ ಎಂದರೆ ಗುರುತು. ಜ್ವರದ ಲಕ್ಷಣವೆಲ್ಲ ಜ್ವರವಲ್ಲ.

ಕಾನೂನು ಇದೇ ಮಾತನ್ನು ಒಂದು ಕುದುರೆಯ ವ್ಯಾಜ್ಯದಲ್ಲಿ ಕಂಡುಕೊಂಡಿತು. ಇಂಗ್ಲೆಂಡಿನಲ್ಲಿ ಪಾಲ್ ಫೆಲ್ಟ್‌ಹೌಸ್ ಎಂಬಾತ ತನ್ನ ಸೋದರಳಿಯ ಜಾನ್‌ನ ಕುದುರೆ ಕೊಳ್ಳಲು ಮಾತಾಡಿದ್ದ. ಮಾವ 30 ಪೌಂಡ್ ಎಂದುಕೊಂಡಿದ್ದ, ಅಳಿಯ 30 ಗಿನಿ ಎಂದುಕೊಂಡಿದ್ದ. ಗಿನಿ ಎಂದರೆ ಪೌಂಡಿಗಿಂತ ಒಂದು ಶಿಲ್ಲಿಂಗ್ ಹೆಚ್ಚು. ವ್ಯತ್ಯಾಸವನ್ನು ಅರ್ಧ ಮಾಡಿ 30 ಪೌಂಡ್ 15 ಶಿಲ್ಲಿಂಗ್ ಎಂದು ಮಾವ 1862ರ ಜನವರಿಯಲ್ಲಿ ಪತ್ರ ಬರೆದ. ನಿನ್ನಿಂದ ಮತ್ತೆ ಸುದ್ದಿ ಬಾರದಿದ್ದರೆ ಕುದುರೆ ಈ ಬೆಲೆಗೆ ನನ್ನದೇ ಎಂದುಕೊಳ್ಳುತ್ತೇನೆ ಎಂಬುದು ಅದರ ತಾತ್ಪರ್ಯ. ಅಳಿಯ ಉತ್ತರ ಬರೆಯಲಿಲ್ಲ. ಆದರೆ ಮನಸ್ಸಿನಲ್ಲಿ ಒಪ್ಪಿದ್ದ. ತನ್ನ ಜಾನುವಾರುಗಳನ್ನು ಹರಾಜು ಹಾಕುವಾಗ ಆ ಕುದುರೆ ಬಿಡಿ ಎಂದು ಹರಾಜುದಾರ ಬಿಂಡ್ಲಿಗೆ ಹೇಳಿದ್ದ ಕೂಡ. ಬಿಂಡ್ಲಿ ಮರೆತು ಮಾರಿಬಿಟ್ಟ. ನನ್ನ ಕುದುರೆ ಮಾರಿದೆ ಎಂದು ಮಾವ ಅವನ ಮೇಲೆ ದಾವೆ ಹೂಡಿದ. ನ್ಯಾಯಾಲಯ ಮಾವನ ಕೈ ಹಿಡಿಯಲಿಲ್ಲ. ಉತ್ತರಿಸದಿದ್ದರೆ ಒಪ್ಪಿದಂತೆ ಎಂಬ ಹೊರೆಯನ್ನು ಇನ್ನೊಬ್ಬನ ಮೇಲೆ ಹೇರುವ ಹಕ್ಕು ನಿನಗಿಲ್ಲ ಎಂದಿತು.

ಹತ್ತು ವರ್ಷದ ಮೇಲೆ, 1872ರಲ್ಲಿ, ಭಾರತದ ಕರಾರು ಕಾಯಿದೆ ಬಂತು. ಇಂದಿಗೂ ನಮ್ಮ ವ್ಯವಹಾರವೆಲ್ಲ ಅದರ ಮೇಲೆ ನಿಂತಿದೆ. ಅದರ 3ನೇ ಕಲಮು ಒಪ್ಪಿಗೆಯನ್ನು ಮಾಡುವುದರಿಂದಲೂ ತಿಳಿಸಬಹುದು, ಮಾಡದೆ ಬಿಡುವುದರಿಂದಲೂ ತಿಳಿಸಬಹುದು ಎನ್ನುತ್ತದೆ. ಇದನ್ನು ಹಿಡಿದುಕೊಂಡು, ಸುಮ್ಮನಿರುವುದೂ ಒಪ್ಪಿಗೆಯೇ ಎಂದು ವಾದಿಸುವವರಿದ್ದಾರೆ. ಆದರೆ ಕಲಮು ಅಲ್ಲಿಗೇ ನಿಲ್ಲುವುದಿಲ್ಲ. ಬಿಟ್ಟವನಿಗೆ ಹಾಗೆ ತಿಳಿಸುವ ಉದ್ದೇಶ ಇರಬೇಕು, ಇಲ್ಲವೆ ಆ ಬಿಡುವಿಕೆಯಿಂದ ಒಪ್ಪಿಗೆ ನಿಜವಾಗಿ ತಿಳಿಯುವಂತಿರಬೇಕು. ಎಸ್ಸೆಮ್ಮೆಸ್ಸನ್ನೇ ನೋಡದವನ ಮೌನಕ್ಕೆ ಯಾವ ಉದ್ದೇಶ? 62ನೇ ಕಲಮಿನ ಪ್ರಕಾರ ಇರುವ ಕರಾರನ್ನು ಬದಲಿಸುವುದಕ್ಕೂ ಎರಡು ಕಡೆಯವರು ಒಪ್ಪಬೇಕು. ಬೆಲೆ ಏರಿಸುವುದು ಎಂದರೆ ಕರಾರಿನ ಹೃದಯವನ್ನೇ ಬದಲಿಸುವುದು.

ಪೇಪರ್ ತೆಗೆದುಕೊಂಡ ಕೈ

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಮನೆಗೆ ದಿನಪತ್ರಿಕೆ ಹಾಕುವ ಹುಡುಗ ಮುಂದಿನ ತಿಂಗಳಿಂದ ಬೆಲೆ ಏರಿದೆ ಎಂದು ಚೀಟಿ ಇಡುತ್ತಾನೆ. ನಾವು ಹೂಂ ಅನ್ನುವುದಿಲ್ಲ, ಆದರೆ ಮರುದಿನವೂ ಜಗಲಿಯಿಂದ ಪೇಪರ್ ಎತ್ತಿಕೊಂಡು ಓದುತ್ತೇವೆ. ತಿಂಗಳ ಕೊನೆಗೆ ಹಳೆಯ ದರ ಮಾತ್ರ ಕೊಡುತ್ತೇನೆ ಎನ್ನಲು ಬರುತ್ತದೆಯೆ? ಬರುವುದಿಲ್ಲ. ಕರಾರು ಕಾಯಿದೆಯ 8ನೇ ಕಲಮು ಇದಕ್ಕೇ ಇದೆ: ಮುಂದಿಟ್ಟ ಪ್ರಸ್ತಾಪದ ಜೊತೆಗೆ ಬಂದ ಫಲವನ್ನು ತೆಗೆದುಕೊಂಡರೆ ಪ್ರಸ್ತಾಪವನ್ನು ಒಪ್ಪಿದಂತೆ.

ಆದರೆ ಅಲ್ಲಿ ಒಪ್ಪಿದ್ದು ನಮ್ಮ ಮೌನವಲ್ಲ, ಪೇಪರ್ ಎತ್ತಿಕೊಂಡ ಕೈ. ದಿನವೂ ಒಂದು ಕೆಲಸ ಮಾಡಿದ್ದೇವೆ, ಬೆಲೆ ಗೊತ್ತಿದ್ದೂ ಮಾಡಿದ್ದೇವೆ, ಕೊನೆಗೆ ಹಣ ಎಣಿಸಿ ಕೊಡುವ ಕೈಯೂ ನಮ್ಮದೇ. ತಾನಾಗಿ ನವೀಕರಣವಾಗುವ ಯೋಜನೆಯಲ್ಲಿ ಈ ಮೂರರಲ್ಲಿ ಒಂದೂ ಇರಬೇಕಾಗಿಲ್ಲ. ಮಗ ಬೆಂಗಳೂರಿಗೆ ಓದಲು ಹೋದ ಮೇಲೆ ಯಾರೂ ತೆರೆಯದ ಆ್ಯಪ್‌ಗೂ ತಿಂಗಳು ತಿಂಗಳು ಹಣ ಹೋಗುತ್ತಿರುತ್ತದೆ. ವಿಮೆಯಂತೂ ಬಳಸುವ ವಸ್ತುವೇ ಅಲ್ಲ, ಆಪತ್ತು ಬಂದಾಗ ಮಾತ್ರ ಕಾಣುವಂಥದ್ದು. ಇವು ಶುದ್ಧ ಮೌನಗಳು. ಆದ್ದರಿಂದ ದರ ಏರಿಕೆಯ ಯಾವ ತಕರಾರಿನಲ್ಲೂ ಮೊದಲು ಕೇಳಬೇಕಾದ್ದು, ಹೊಸ ಬೆಲೆ ತಿಳಿದ ಮೇಲೆ ಗ್ರಾಹಕ ಏನಾದರೂ ಮಾಡಿದನೆ ಎಂದು. ಮಾಡಿದ್ದರೆ ಆ ಕೆಲಸ ಮಾತಾಡುತ್ತದೆ. ಮಾಡದಿದ್ದರೆ ಮೊದಲು ಕೊಟ್ಟ ಮಾತನ್ನೇ ತೆಗೆದು ಓದಬೇಕು.

ಮೊದಲು ಕೊಟ್ಟ ಮಾತು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಈ ದತ್ತಿಯೇ ಒಂದು ಒಳ್ಳೆಯ ನಿದರ್ಶನ. ದತ್ತಿಯ ಮೂಲಧನ ಠೇವಣಿಯಲ್ಲಿದೆ, ಅದರ ಬಡ್ಡಿಯಲ್ಲಿ ಈ ಉಪನ್ಯಾಸ ನಡೆಯುತ್ತಿದೆ. ಅವಧಿ ಮುಗಿದಾಗ ಅಂದಿನ ಬಡ್ಡಿದರಕ್ಕೆ ಮುಂದುವರಿಸಿ ಎಂದು ದಾನಿಗಳು ಮೊದಲೇ ಬರೆದುಕೊಟ್ಟಿದ್ದರೆ, ಆಮೇಲೆ ಅವರು ಸುಮ್ಮನಿದ್ದರೂ ಠೇವಣಿ ಮುಂದುವರಿಯುತ್ತದೆ. ಅದು ಅವರ ಹಳೆಯ ಮಾತಿನ ಪಾಲನೆ. ಹಾಗೆ ಬರೆದುಕೊಡದೆ ಸುಮ್ಮನಿದ್ದರೆ? 2021ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅವಧಿ ಮುಗಿದೂ ಪಡೆಯದೆ ಉಳಿದ ಠೇವಣಿಗೆ ಉಳಿತಾಯ ಖಾತೆಯ ಬಡ್ಡಿ ಅಥವಾ ಹಳೆಯ ಒಪ್ಪಂದದ ಬಡ್ಡಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಠೇವಣಿದಾರ ಸುಮ್ಮನಿದ್ದರೆ ಬಡ್ಡಿ ಇಳಿಯುತ್ತದೆ, ಚಂದಾದಾರ ಸುಮ್ಮನಿದ್ದರೆ ಬೆಲೆ ಏರುತ್ತದೆ. ಎರಡು ಕಡೆಯೂ ಸುಮ್ಮನಿದ್ದವನಿಗೇ ನಷ್ಟ. ಮೌನವನ್ನು ಓದುವವರು ಯಾರು ಎಂಬುದು ಇಲ್ಲಿ ಮುಖ್ಯವಾಗುತ್ತದೆ.

ಗರಿಷ್ಠ ಮೊತ್ತ ಎಂಬ ಬೇಲಿ

ಈ ಓದುವಿಕೆಗೆ ನಮ್ಮ ದೇಶದಲ್ಲಿ ಒಂದು ಗಟ್ಟಿ ಬೇಲಿ ಹಾಕಲಾಗಿದೆ. 2019ರ ಆಗಸ್ಟ್ 21ರಂದು ರಿಸರ್ವ್ ಬ್ಯಾಂಕ್ ಕಾರ್ಡುಗಳ ಮೇಲಿನ ಇ-ಮ್ಯಾಂಡೇಟ್ ಬಗ್ಗೆ ಸುತ್ತೋಲೆ ಹೊರಡಿಸಿತು. ಮುಂದಿನ ವರ್ಷದ ಜನವರಿಯಲ್ಲಿ ಅದನ್ನು ಯುಪಿಐಗೂ ವಿಸ್ತರಿಸಿತು. ಪದೇ ಪದೇ ಕಡಿತವಾಗುವ ಹಣಕ್ಕೆ ಗ್ರಾಹಕ ಮೊದಲ ಸಲ ಕೊಡುವ ಅಪ್ಪಣೆಯೇ ಮ್ಯಾಂಡೇಟ್. ಮೊದಲ ಸಲ ಒಟಿಪಿ ಅಥವಾ ಪಿನ್ ಬೇಕು. ಆಮೇಲಿನ ಕಡಿತಗಳಿಗೆ ಒಂದು ಮಿತಿಯೊಳಗೆ ಬೇಡ. ಆ ಮಿತಿ ಮೊದಲು 2,000 ರೂಪಾಯಿ ಇತ್ತು, ಆಮೇಲೆ 5,000 ಆಯಿತು, 2022ರ ಜೂನ್‌ನಿಂದ 15,000.

ಸುತ್ತೋಲೆಯಲ್ಲಿ ನಮಗೆ ಬೇಕಾದ ಎರಡು ಸಂಗತಿಗಳಿವೆ. ಒಂದು, ಪ್ರತಿ ಕಡಿತಕ್ಕೂ ಕಡಿಮೆಯೆಂದರೆ 24 ಗಂಟೆ ಮೊದಲು ಬ್ಯಾಂಕ್ ಸೂಚನೆ ಕಳಿಸಬೇಕು. ಯಾರಿಗೆ, ಎಷ್ಟು, ಯಾವಾಗ, ಯಾತಕ್ಕೆ ಎಂಬುದು ಅದರಲ್ಲಿರಬೇಕು. ಆ ಒಂದು ಕಡಿತವನ್ನಾಗಲಿ ಇಡೀ ಮ್ಯಾಂಡೇಟನ್ನಾಗಲಿ ಬೇಡವೆನ್ನುವ ದಾರಿಯೂ ಇರಬೇಕು. ಆ ಸೂಚನೆ ಗ್ರಾಹಕನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದೂ ಸುತ್ತೋಲೆ ಹೇಳುತ್ತದೆ. ಕನ್ನಡದಲ್ಲಿ ಸೂಚನೆ ಬೇಕೆಂದು ನಾವು ಕೇಳುವುದು ಉಪಕಾರ ಬೇಡಿದಂತಲ್ಲ, ಬರೆದಿಟ್ಟ ಹಕ್ಕನ್ನು ಕೇಳಿದಂತೆ. ಎರಡು, ಮ್ಯಾಂಡೇಟ್ ನಿಗದಿತ ಮೊತ್ತದ್ದಾಗಿರಬಹುದು ಅಥವಾ ಬದಲಾಗುವ ಮೊತ್ತದ್ದಾಗಿರಬಹುದು. ಬದಲಾಗುವುದಾದರೆ ಗರಿಷ್ಠ ಎಷ್ಟು ಎಂಬುದನ್ನು ಗ್ರಾಹಕನೇ ಹೇಳಬೇಕು. ಮ್ಯಾಂಡೇಟನ್ನು ತಿದ್ದುವುದಾದರೆ ಮತ್ತೆ ಒಟಿಪಿ ಬೇಕು.

ಇದು ಹೇಗೆ ಕೆಲಸ ಮಾಡುತ್ತದೆಂದು ಒಂದು ಲೆಕ್ಕದಲ್ಲಿ ನೋಡೋಣ. 2024ರ ಆಗಸ್ಟ್‌ನಲ್ಲಿ ಯೂಟ್ಯೂಬ್ ಪ್ರೀಮಿಯಂನ ಕುಟುಂಬ ಯೋಜನೆಯ ದರ ಭಾರತದಲ್ಲಿ ತಿಂಗಳಿಗೆ 189 ರೂಪಾಯಿಯಿಂದ 299ಕ್ಕೆ ಏರಿತು. ತಿಂಗಳಿಗೆ 110, ವರ್ಷಕ್ಕೆ 1,320 ರೂಪಾಯಿ ಹೆಚ್ಚು. ಇಂಥದೇ ದರದ, ಇಷ್ಟೇ ಏರಿಕೆಯ ಯಾವುದೋ ಒಂದು ಯೋಜನೆ ಮೂರು ಮನೆಗಳಲ್ಲಿದೆ ಎಂದುಕೊಳ್ಳಿ. ಮೊದಲ ಮನೆಯ ಮ್ಯಾಂಡೇಟಿನಲ್ಲಿ ನಿಗದಿತ ಮೊತ್ತ 189. ಅಲ್ಲಿ 299ರ ಕಡಿತ ಸಾಗುವುದೇ ಇಲ್ಲ. ಕಂಪನಿ ಹೊಸ ಮ್ಯಾಂಡೇಟ್ ಕೇಳಬೇಕು, ಮನೆಯವರು ಪಿನ್ ಒತ್ತಬೇಕು. ಅಲ್ಲಿ ಮೌನದ ಅರ್ಥ ಬೇಡ ಎಂದೇ. ಎರಡನೆಯ ಮನೆಯಲ್ಲಿ ಗರಿಷ್ಠ 250. ಅಲ್ಲೂ ಕಡಿತ ನಿಲ್ಲುತ್ತದೆ. ಮೂರನೆಯ ಮನೆಯಲ್ಲಿ ಗರಿಷ್ಠ 15,000 ಎಂದಿದೆ. ಅಲ್ಲಿ 299 ಸದ್ದಿಲ್ಲದೆ ಹೋಗುತ್ತದೆ. ಮರುವರ್ಷ 599 ಆದರೂ ಹೋಗುತ್ತದೆ. ಮೂರು ಮನೆಯವರೂ ಒಂದೇ ರೀತಿ ಸುಮ್ಮನಿದ್ದರು. ಮೊದಲ ದಿನ ತುಂಬಿದ ಒಂದು ಅಂಕಿಯಿಂದಾಗಿ ಅವರ ಮೌನಕ್ಕೆ ಬೇರೆ ಬೇರೆ ಅರ್ಥ ಬಂತು.

ಆ ಅಂಕಿಯನ್ನು ತುಂಬುವವರು ಯಾರು? ಸುತ್ತೋಲೆಯ ಪ್ರಕಾರ ಗ್ರಾಹಕ. ಆದರೆ ನಾವು ಆಟೊಪೇ ಒಪ್ಪುವಾಗ ಪರದೆಯ ಮೇಲೆ ಆ ಅಂಕಿ ಅನೇಕ ಸಲ ಮೊದಲೇ ತುಂಬಿ ಬಂದಿರುತ್ತದೆ. ದೊಡ್ಡ ಅಕ್ಷರದಲ್ಲಿ ಇವತ್ತಿನ ಬೆಲೆ, ಸಣ್ಣ ಅಕ್ಷರದಲ್ಲಿ ಎಷ್ಟರವರೆಗೆ ಎಂಬುದು. ನಮ್ಮ ಕಣ್ಣು ದೊಡ್ಡದನ್ನು ನೋಡುತ್ತದೆ, ಬೆರಳು ಪಿನ್ ಒತ್ತುತ್ತದೆ. ಕೌಂಟರಿನಲ್ಲಿ ನಾವು 330 ಎಂದು ಹೇಳಿ “ಯಾವುದೇ ಮೊತ್ತ”ಕ್ಕೆ ಸಹಿ ಹಾಕಿಸಿಕೊಂಡ ಹಾಗೆಯೇ ಇದೂ.

ಇಷ್ಟಾದರೂ ಒಂದು ವ್ಯತ್ಯಾಸವನ್ನು ಬಿಡಬಾರದು. ಗರಿಷ್ಠ 15,000 ಎಂದರೆ ಬ್ಯಾಂಕಿನಿಂದ ಹಣ ಎಳೆಯಲು ಕೊಟ್ಟ ಅಪ್ಪಣೆ. ಬೆಲೆಗೆ ಒಪ್ಪಿಗೆ ಕಂಪನಿಯ ಜೊತೆಗಿನ ಬೇರೆಯೇ ಕರಾರು. ಕಣಜದ ಬೀಗದ ಕೈ ಕೊಟ್ಟವರು ತಿಂಗಳಿಗೆ ಎರಡು ಸೇರು ಅಳೆದುಕೊ ಎಂದಿದ್ದರೆ, ಕೀಲಿ ಕೈಯಲ್ಲಿದೆ ಎಂಬ ಕಾರಣಕ್ಕೆ ಮೂರು ಸೇರು ಅಳೆಯಲು ಬರುವುದಿಲ್ಲ. ಕಡಿತ ನಿಯಮದ ಪ್ರಕಾರ ಸಾಗಿದ ಮಾತ್ರಕ್ಕೆ ಬೆಲೆ ಒಪ್ಪಿತವಾಯಿತು ಎಂದು ಕಂಪನಿ ಹೇಳಿದರೆ, ಅದು ಕೀಲಿಯನ್ನು ತೋರಿಸಿ ಅಳತೆಯನ್ನು ಸಮರ್ಥಿಸಿದಂತೆ.

ಮಳೆಗಾಲದ 24 ಗಂಟೆ

ಇನ್ನು ಸೂಚನೆಯ ಮಾತು. ಬೆಂಗಳೂರಿನಲ್ಲಿ ಕುಳಿತವರಿಗೆ 24 ಗಂಟೆ ಸಾಕಾಗಬಹುದು. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬಾರದೆ ಇರುವುದು ಹೊಸತಲ್ಲ. ಟವರಿನ ಬ್ಯಾಟರಿ ಇಳಿದ ಮೇಲೆ ಫೋನೂ ಸುಮ್ಮನಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಜನ ಪರಿಹಾರ ಕೇಂದ್ರಗಳಲ್ಲಿದ್ದರು. ಆ ದಿನಗಳಲ್ಲಿ ಯಾರದೋ ಫೋನಿಗೆ ದರ ಏರಿಕೆಯ ಸೂಚನೆ ಹೊರಟು, ಅವರು ಉತ್ತರಿಸಲಿಲ್ಲ ಎಂದರೆ, ಆ ಮೌನ ಒಪ್ಪಿಗೆಯಲ್ಲ, ಸಂಪರ್ಕ ಕಡಿದದ್ದರ ಗುರುತು. ಕಳಿಸಿದ್ದೇವೆ ಎಂಬುದು ತಲುಪಿದೆ ಎಂಬುದಕ್ಕೆ ಸಾಕ್ಷಿಯಲ್ಲ. ತಲುಪಿದೆ ಎಂಬುದು ಅರ್ಥವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಇನ್ನೊಂದು ತೊಂದರೆಯೂ ಇದೆ, ಅದು ಒಪ್ಪಿಗೆಗಿಂತ ಕಠಿಣವಾದದ್ದು. ಖಾತೆಯಿಂದ ನೇರವಾಗಿ ಹೋಗುವ ಆ ವಿಮಾ ಕಂತಿಗೆ ಕಾರ್ಡ್, ಯುಪಿಐ ಸುತ್ತೋಲೆಯ ಬೇಲಿ ಇಲ್ಲ. ಬಟವಾಡೆ ಬಂದ ದಿನವೇ ಹಣ ತೆಗೆದು, ಎರಡು ವಿಮೆಗೆ ಬೇಕಾದ 342 ರೂಪಾಯಿಯಷ್ಟನ್ನೇ ಖಾತೆಯಲ್ಲಿ ಉಳಿಸುವವರನ್ನು ನಾನು ಕಂಡಿದ್ದೇನೆ. ದರ ಏರಿದ ಮೇಲೆ ಬೇಕಾದದ್ದು 456. ಕೊರತೆ 114. ಖಾತೆಯಲ್ಲಿ ಹಣವಿಲ್ಲದಿದ್ದರೆ ಕಡಿತವಿಲ್ಲ, ಕಡಿತವಿಲ್ಲದಿದ್ದರೆ ವಿಮೆಯಿಲ್ಲ. ಹೊಸದಾಗಿ ಸೇರುವವರಿಗೆ ಜೀವವಿಮೆಯಲ್ಲಿ ಮೊದಲ 30 ದಿನ ಅಪಘಾತವಲ್ಲದ ಸಾವಿಗೆ ಪರಿಹಾರವೂ ಇಲ್ಲ. ಅಂದರೆ ಒಂದು ರಾತ್ರಿಯ ಸೂಚನೆ ಬೇಡ ಎನ್ನುವವರ ಹಕ್ಕನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಬೇಕು ಎನ್ನುವವರಿಗೆ ಹಣ ಹೊಂದಿಸುವ ಸಮಯವನ್ನೂ ಕೊಡಲಿಲ್ಲ.

ಸುಮ್ಮನಿದ್ದರೆ ಏನಾಗಬೇಕು

ಹಾಗಾದರೆ ಪ್ರತಿ ಏರಿಕೆಗೂ ಪ್ರತಿಯೊಬ್ಬರ ಹೂಂ ಬೇಕೆ? ಲಕ್ಷಾಂತರ ಗ್ರಾಹಕರನ್ನು ಒಬ್ಬೊಬ್ಬರಾಗಿ ಕೇಳುವುದು ಆಗದ ಕೆಲಸ ಎಂದು ಕಂಪನಿಗಳು ಹೇಳುತ್ತವೆ. ಜರ್ಮನಿಯ ಪೋಸ್ಟ್‌ಬ್ಯಾಂಕ್ ಕೂಡ ಹೀಗೇ ನಡೆದುಕೊಳ್ಳುತ್ತಿತ್ತು. ನಿಯಮ, ಶುಲ್ಕ ಬದಲಾಗುವ ಎರಡು ತಿಂಗಳ ಮೊದಲು ತಿಳಿಸುತ್ತೇವೆ, ಅಷ್ಟರಲ್ಲಿ ಬೇಡ ಎನ್ನದಿದ್ದರೆ ಒಪ್ಪಿದಂತೆ ಎಂಬ ಷರತ್ತು ಅದರ ಕಾಗದದಲ್ಲಿತ್ತು. ಅಲ್ಲಿನ ಗ್ರಾಹಕ ಸಂಘಟನೆಗಳ ಒಕ್ಕೂಟ ದಾವೆ ಹೂಡಿತು. 2021ರ ಏಪ್ರಿಲ್ 27ರಂದು ಜರ್ಮನಿಯ ಫೆಡರಲ್ ನ್ಯಾಯಾಲಯ ಆ ಷರತ್ತನ್ನು ಅಸಿಂಧುವೆಂದಿತು. ಎರಡು ತಿಂಗಳ ಸೂಚನೆ ಇದ್ದರೂ, ಕರಾರಿನ ಯಾವ ಭಾಗವನ್ನಾದರೂ ಮಿತಿಯಿಲ್ಲದೆ ಬದಲಿಸಿ ಮೌನವನ್ನು ಒಪ್ಪಿಗೆಯೆಂದು ಎಣಿಸಲಾಗದು ಎಂಬುದು ಅದರ ನಿಲುವು. ಆಮೇಲೆ ಆ ದೇಶದ ಬ್ಯಾಂಕುಗಳು ಗ್ರಾಹಕರ ಬಳಿ ಹೋಗಿ ಸ್ಪಷ್ಟ ಒಪ್ಪಿಗೆ ಕೇಳಿದವು. ಆಗದ ಕೆಲಸ ಆಯಿತು.

ಆದರೂ ಆ ತೀರ್ಪನ್ನು ಹಾಗೆಯೇ ತಂದು ಎಲ್ಲ ಯೋಜನೆಗೂ ಅಂಟಿಸಬೇಕೆಂದು ನಾನು ಹೇಳುವುದಿಲ್ಲ. ಮೌನವನ್ನು ಓದುವ ಮುನ್ನ, ತಪ್ಪಾಗಿ ಓದಿದರೆ ಯಾರಿಗೆ ಎಷ್ಟು ಪೆಟ್ಟು ಎಂದು ನೋಡಬೇಕು. ಹಾಡು, ಸಿನಿಮಾ, ಜಿಮ್, ಆಟದ ಆ್ಯಪ್ ಇಂಥವುಗಳಲ್ಲಿ ಉತ್ತರ ಬಾರದಿದ್ದರೆ ಈಗಿನ ಅವಧಿ ಮುಗಿದ ಮೇಲೆ ಯೋಜನೆ ನಿಲ್ಲಬೇಕು. ಬೇಕಾದವರು ಒಂದು ಗುಂಡಿ ಒತ್ತಿ ಮತ್ತೆ ಸೇರುತ್ತಾರೆ, ಯಾರ ಮನೆಯೂ ಮುಳುಗುವುದಿಲ್ಲ. ವಿಮೆಯಲ್ಲಿ ಹಾಗಲ್ಲ. 106 ರೂಪಾಯಿಯ ಏರಿಕೆಗೆ ಒಬ್ಬಾಕೆ ಹೂಂ ಅನ್ನಲಿಲ್ಲವೆಂದು ವಿಮೆ ನಿಲ್ಲಿಸಿ, ಜುಲೈಯಲ್ಲಿ ಆಕೆ ತೀರಿಕೊಂಡರೆ, ಮಕ್ಕಳಿಗೆ 2 ಲಕ್ಷ ಇಲ್ಲ. ಅಲ್ಲಿ ಮೌನವನ್ನು ಬೇಡವೆಂದು ಓದುವುದು ಕ್ರೌರ್ಯ. ಅಂಥ ಕಡೆ ಮುಂದುವರಿಸಲಿ. ಆದರೆ ಮುಂದುವರಿಸುವ ಅಪ್ಪಣೆಗೆ ಮೊದಲ ದಿನವೇ ಒಂದು ಅಂಕಿಯ ಮಿತಿ ಇರಲಿ, ಏರಿಕೆಯ ಸುದ್ದಿ ಒಂದು ತಿಂಗಳ ಮೊದಲು ಬರಲಿ, ಕಡಿತವಾದ ಮೇಲೂ ಬೇಡವೆಂದವರಿಗೆ ಹಣ ಮರಳಿಸುವ ಕೆಲವು ದಿನಗಳ ಅವಕಾಶ ಇರಲಿ. “ಯಾವುದೇ ಮೊತ್ತ” ಎಂಬ ಎರಡು ಪದಗಳ ಜಾಗದಲ್ಲಿ ಒಂದು ಅಂಕಿ ಕೂತರೆ ಅರ್ಧ ಅನ್ಯಾಯ ಅಲ್ಲಿಗೇ ಮುಗಿಯುತ್ತದೆ.

ಹಣ ಹೋದ ಮೇಲೆ

ಕೊನೆಗೆ ಕೈಯಲ್ಲಿ ಮಾಡಬಹುದಾದ ಕೆಲಸ. ಇವತ್ತು ಮನೆಗೆ ಹೋಗಿ ನಿಮ್ಮ ಯುಪಿಐ ಆ್ಯಪಿನಲ್ಲಿ ಆಟೊಪೇ ಎಂಬ ಜಾಗವನ್ನು ತೆರೆಯಿರಿ. ಪ್ರತಿ ಮ್ಯಾಂಡೇಟಿನ ಎದುರಿಗೆ ಯಾರಿಗೆ, ಎಷ್ಟರವರೆಗೆ, ಯಾವ ದಿನಾಂಕದವರೆಗೆ ಎಂದಿರುತ್ತದೆ. ಈಗಿನ ಬೆಲೆಗೂ ಗರಿಷ್ಠ ಮೊತ್ತಕ್ಕೂ ಇರುವ ಅಂತರವೇ ನಿಮ್ಮ ಹೆಸರಿನಲ್ಲಿ ಮೊದಲೇ ಆಡಿಟ್ಟ ಹೂಂ. ಬೇಡದ ಯೋಜನೆಯಾದರೆ ಮೊದಲು ಕಂಪನಿಯ ಕಡೆ ಚಂದಾ ರದ್ದು ಮಾಡಿ, ಆ ಪರದೆಯ ಚಿತ್ರ ಇಟ್ಟುಕೊಂಡು, ಆಮೇಲೆ ಮ್ಯಾಂಡೇಟ್ ರದ್ದು ಮಾಡಿ. ಮ್ಯಾಂಡೇಟನ್ನು ಮಾತ್ರ ಕಡಿದರೆ ಹಣ ನಿಲ್ಲುತ್ತದೆ, ಕರಾರು ಮುಗಿದಿದೆ ಎನ್ನಲಾಗದು. ಸಾಲದ ಕಂತಿನ ಮ್ಯಾಂಡೇಟನ್ನಂತೂ ಹೀಗೆ ಕಡಿಯಬೇಡಿ.

ಒಪ್ಪದ ದರ ಕಡಿತವಾಗಿದ್ದರೆ ಆ ಯೋಜನೆಯನ್ನು ಬಳಸುವುದನ್ನು ಅಂದೇ ನಿಲ್ಲಿಸಿ. ಬಳಸುತ್ತ ಹೋದರೆ ಪೇಪರ್ ಎತ್ತಿಕೊಂಡ ಕೈಯ ವಾದ ನಿಮ್ಮ ವಿರುದ್ಧ ನಿಲ್ಲುತ್ತದೆ. ಹೊಸ ಬೆಲೆಗೆ ನನ್ನ ಒಪ್ಪಿಗೆ ಇಲ್ಲ, ಹೆಚ್ಚುವರಿ ಹಣ ಮರಳಿಸಿ ಎಂದು ಕಂಪನಿಗೆ ಬರಹದಲ್ಲಿ ಕಳಿಸಿ. 24 ಗಂಟೆಯ ಸೂಚನೆ ಬಾರದೆ ಕಡಿತವಾಗಿದ್ದರೆ ಬ್ಯಾಂಕಿಗೂ ಬರೆಯಿರಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಅಲ್ಲೂ ಆಗದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಘಟನೆಯಿಂದ 2 ವರ್ಷದೊಳಗೆ ದೂರು ಕೊಡಬೇಕು. ಇಲ್ಲೊಂದು ಎಡವುಗಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ “ಅನ್ಯಾಯದ ಕರಾರು” ಎಂಬ ಹೊಸ ದೂರಿಗೆ ದಾರಿ ಮಾಡಿಕೊಟ್ಟಿದೆ, ಗ್ರಾಹಕನಿಗೆ ಅನನುಕೂಲವಾಗುವ ಅಸಮಂಜಸ ಷರತ್ತುಗಳೂ ಅದರೊಳಗೆ ಬರುತ್ತವೆ. ಆದರೆ ಆ ಹೆಸರಿನ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ. ಅದು ರಾಜ್ಯ ಆಯೋಗಕ್ಕೆ ಹೋಗಬೇಕು. 110 ರೂಪಾಯಿಗಾಗಿ ಮೂರ್ನಾಡಿನಿಂದ ಯಾರು ಬೆಂಗಳೂರಿಗೆ ಹೋಗುತ್ತಾರೆ? ಆದ್ದರಿಂದ ಷರತ್ತು ಅನ್ಯಾಯದ್ದು ಎನ್ನುವುದಕ್ಕಿಂತ, ಒಪ್ಪಿಗೆಯಿಲ್ಲದೆ ಹಣ ಪಡೆದದ್ದು ಅನುಚಿತ ವ್ಯಾಪಾರ ಪದ್ಧತಿ ಮತ್ತು ಸೇವಾ ನ್ಯೂನತೆ ಎಂದು ದೂರು ಬರೆದರೆ ಮಡಿಕೇರಿಯಲ್ಲೇ ಕೇಳಿಸಬಹುದು. 2020ರ ಇ-ಕಾಮರ್ಸ್ ನಿಯಮಗಳು ಕೊಳ್ಳುವವನ ಒಪ್ಪಿಗೆ ಸ್ಪಷ್ಟವಾದ ಕ್ರಿಯೆಯಿಂದಲೇ ಬರಬೇಕು, ಮೊದಲೇ ಟಿಕ್ ಮಾಡಿಟ್ಟ ಚೌಕದಿಂದ ಬರಬಾರದು ಎನ್ನುತ್ತವೆ. ಹೊಸ ಬೆಲೆಯ ನವೀಕರಣವೂ ಹೊಸ ಖರೀದಿಯೇ ಎಂಬುದು ನನ್ನ ವಾದ. ನಿಯಮ ಅದನ್ನು ಬಾಯಿಬಿಟ್ಟು ಹೇಳಿಲ್ಲ. 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಕೂಡ ಚಂದಾ ಬಲೆಯನ್ನು ಹೆಸರಿಸುತ್ತದೆ, ಆದರೆ ಹೊರಬರಲು ಕಷ್ಟಪಡಿಸುವುದರ ಮೇಲೆ ಅದರ ಕಣ್ಣು. ಸುಮ್ಮನಿದ್ದವನ ಬೆಲೆ ಏರಿಸುವುದರ ಬಗ್ಗೆ ನೇರ ಮಾತು ಇನ್ನೂ ಬರೆಯಬೇಕಾಗಿದೆ.

ಮತ್ತೆ ಆ ಕೌಂಟರಿಗೆ ಬರುತ್ತೇನೆ. ಅಂದು ಮಳೆಗೆ ಜನ ಕಡಿಮೆ ಇದ್ದರು. ಪಾಸ್ ಪುಸ್ತಕ ಮರಳಿಸುವಾಗ ಆ ಹೆಂಗಸನ್ನು ಒಂದು ಮಾತು ಕೇಳಿದೆ: “ಎಷ್ಟರವರೆಗೆ ಜಾಸ್ತಿ ಆದರೆ ನಿಮ್ಮನ್ನು ಕೇಳದೆ ಕಟ್ಟಬಹುದು ಅಮ್ಮಾ?” ಅವರು ಯೋಚಿಸಲೇ ಇಲ್ಲ. “ಐವತ್ತು” ಎಂದರು. “ಅದಕ್ಕಿಂತ ಮೇಲಾದರೆ ಮೇಸ್ತ್ರಿ ಹತ್ತಿರ ಹೇಳಿ ಕಳಿಸಿ, ನಾನೇ ಬಂದು ಹೇಳ್ತೇನೆ.”

ದರ, ಮಿತಿ, ಸೂಚನೆಯ ದಾರಿ, ಉತ್ತರಿಸುವ ಬಗೆ, ಎಲ್ಲವೂ ಆ ಒಂದು ಮಾತಿನಲ್ಲಿತ್ತು. ಅಂಕಿ ಅವರ ಬಳಿ ಸಿದ್ಧವಾಗಿಯೇ ಇತ್ತು. ಅದನ್ನು ಬರೆದುಕೊಳ್ಳಲು ನಮ್ಮ ಅರ್ಜಿಯಲ್ಲಿ ಜಾಗ ಇರಲಿಲ್ಲ.